ಹಳೇ ಕಾರಿಗೆ ಜೀವ ಕೊಟ್ಟಿರಿ, ಪಾಲಿಸಿಯಲ್ಲಿ ಅದರ ಬೆಲೆ ಎಷ್ಟಿದೆ?

ತಾತನ ಕಾಲದ ಫಿಯೆಟ್ಟನ್ನೋ ಅಂಬಾಸಿಡರನ್ನೋ ಶೆಡ್ಡಿನಿಂದ ಹೊರಗೆ ತೆಗೆದು, ವರ್ಷಗಟ್ಟಲೆ ಕೆಲಸ ಮಾಡಿಸಿ, ಮತ್ತೆ ರಸ್ತೆಗೆ ತರುವವರು ಈಗ ಜಾಸ್ತಿಯಾಗಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಆ ನೋಂದಣಿಗೆ ಅರ್ಜಿ ಹಾಕಬೇಕಾದರೆ ಚಾಲ್ತಿಯಲ್ಲಿರುವ ವಿಮಾ ಪಾಲಿಸಿಯನ್ನೂ ಜೊತೆಗೆ ಕೊಡಬೇಕು. ಹೀಗಾಗಿ ಇಷ್ಟು ದಿನ ವಿಮೆಯ ಬಗ್ಗೆ ತಲೆ ಕೆಡಿಸಿಕೊಳ್ಳದವರೂ ಈಗ ಪಾಲಿಸಿ ತೆಗೆದು ನೋಡುತ್ತಿದ್ದಾರೆ. ಅಲ್ಲಿ ಹೆಚ್ಚಿನವರಿಗೆ ಕಾಣುವುದು ತೀರಾ ಸಣ್ಣ ಮೊತ್ತ. ಏಳು ಲಕ್ಷ ಸುರಿದು ರಿಪೇರಿ ಮಾಡಿಸಿದ ಕಾರಿನ ಬೆಲೆ ಪಾಲಿಸಿಯಲ್ಲಿ ನಲವತ್ತು ಸಾವಿರ ಅಂತಿರುತ್ತದೆ.

ಈ ಸಂಖ್ಯೆ ಎಲ್ಲಿಂದ ಬರುತ್ತದೆ, ಅದನ್ನು ಬದಲಾಯಿಸಲು ಏನು ಮಾಡಬೇಕು, ಬದಲಾಯಿಸದಿದ್ದರೆ ನಿಜವಾಗಿ ಏನಾಗುತ್ತದೆ ಅನ್ನುವುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಮೈಸೂರಿನಲ್ಲಿ ಒಬ್ಬರ ಹತ್ತಿರ 1966ರ ಫಿಯೆಟ್ 1100 ಡಿಲೈಟ್ ಇದೆ ಅಂದುಕೊಳ್ಳಿ. ಎಂಜಿನ್ 1089 ಸಿಸಿ. ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು 7,20,000 ರೂಪಾಯಿ ಖರ್ಚಾಗಿದೆ. ಕಾರು ಮತ್ತು ಅದರ ಲೆಕ್ಕ ಎರಡೂ ಕಾಲ್ಪನಿಕ. ಆದರೆ ಲೆಕ್ಕ ಹಾಕುವ ನಿಯಮಗಳು ನಿಜವಾದವು.

## ಪಾಲಿಸಿಯ ಎರಡು ಭಾಗ

ಕಾರಿನ ವಿಮೆಯಲ್ಲಿ ಎರಡು ಭಾಗ ಇರುತ್ತವೆ. ಒಂದು ಥರ್ಡ್ ಪಾರ್ಟಿ. ನಿಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ, ಸಾವು ಸಂಭವಿಸಿದರೆ ಅಥವಾ ಅವರ ಆಸ್ತಿಗೆ ಹಾನಿಯಾದರೆ ಪರಿಹಾರ ಕೊಡುವುದು ಈ ಭಾಗ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗೆ ಇಳಿಯುವ ವಾಹನಕ್ಕೆ ಇದು ಕಡ್ಡಾಯ. ಕಾರು ಎಷ್ಟು ಹಳೆಯದು, ಎಷ್ಟು ಬೆಲೆಯದು ಅನ್ನುವುದಕ್ಕೂ ಈ ಭಾಗಕ್ಕೂ ಸಂಬಂಧವಿಲ್ಲ. ಪ್ರೀಮಿಯಂ ನಿಗದಿ ಮಾಡುವುದು ಸರ್ಕಾರ. 2022ರ ದರದಲ್ಲಿ 1000ದಿಂದ 1500 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ವಿಂಟೇಜ್ ಕಾರು ಎಂದು ನೋಂದಣಿಯಾಗಿದ್ದರೆ ಅದರಲ್ಲಿ ಅರ್ಧ ರಿಯಾಯಿತಿ. ನಮ್ಮ ಫಿಯೆಟ್ಟಿಗೆ ಆಗ 1,708 ರೂಪಾಯಿ ಮತ್ತು ಅದರ ಮೇಲೆ ತೆರಿಗೆ.

ಎರಡನೆಯದು ಓನ್ ಡ್ಯಾಮೇಜ್. ನಿಮ್ಮ ಸ್ವಂತ ಕಾರು ಅಪಘಾತದಲ್ಲಿ ಜಖಂ ಆದರೆ, ಕಳುವಾದರೆ, ಬೆಂಕಿ ಬಿದ್ದರೆ, ಪ್ರವಾಹದಲ್ಲಿ ಮುಳುಗಿದರೆ ಹಣ ಕೊಡುವುದು ಈ ಭಾಗ. ಹಳೇ ಕಾರುಗಳಲ್ಲಿ ವೈರಿಂಗ್ ಬಿಸಿಯಾಗಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುವ ಭಯ ಇದ್ದೇ ಇರುತ್ತದೆ, ಅಲ್ವಾ? ಅದೂ ಇದರಲ್ಲಿ ಸೇರುತ್ತದೆ. ಆದರೆ ಸುಮ್ನೆ ಓಡಿಸುತ್ತಿದ್ದಾಗ ಗೇರ್‌ಬಾಕ್ಸ್ ಕೆಟ್ಟರೆ, ತುಕ್ಕು ಹಿಡಿದು ತಗಡು ಉದುರಿದರೆ ಸೇರುವುದಿಲ್ಲ. ಸವೆತ, ತುಕ್ಕು, ಯಂತ್ರ ಕೆಡುವುದು ಇವೆಲ್ಲ ಮಾಲೀಕರ ಹೊಣೆ.

ಹಳೇ ಕಾರಿಟ್ಟುಕೊಂಡವರಲ್ಲಿ ತುಂಬಾ ಜನ ಬರೀ ಥರ್ಡ್ ಪಾರ್ಟಿ ಮಾಡಿಸಿರುತ್ತಾರೆ. ರಸ್ತೆಯಲ್ಲಿ ಪೊಲೀಸರು ಕೇಳಿದಾಗ ತೋರಿಸಲು ಅದು ಸಾಕು. ಕಾರಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಇನ್ನು ಮುಂದೆ ಹೇಳುವುದೆಲ್ಲ ಓನ್ ಡ್ಯಾಮೇಜ್ ಭಾಗದ ಬಗ್ಗೆ.

## ನಲವತ್ತು ಸಾವಿರ ಎಲ್ಲಿಂದ ಬಂತು?

ಓನ್ ಡ್ಯಾಮೇಜ್ ಭಾಗದ ಹೃದಯ ಅಂದರೆ ಐಡಿವಿ. ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದು. ಹೊಸ ಕಾರಿಗೆ ಇದರ ಲೆಕ್ಕ ಸರಳ. ಆ ಮಾಡೆಲ್ಲಿನ ಇವತ್ತಿನ ಷೋರೂಂ ಬೆಲೆ ತೆಗೆದುಕೊಂಡು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಎರಡರಿಂದ ಮೂರು ವರ್ಷದ ಕಾರಿಗೆ ಶೇಕಡಾ 30, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡಾ 50. ಕೋಷ್ಟಕ ಅಲ್ಲಿಗೆ ಮುಗಿಯುತ್ತದೆ.

ಐದು ವರ್ಷ ದಾಟಿದ ಕಾರಿಗೆ, ಮತ್ತು ಕಂಪನಿ ತಯಾರಿಸುವುದನ್ನೇ ನಿಲ್ಲಿಸಿದ ಮಾಡೆಲ್ಲಿಗೆ, ಯಾವ ಕೋಷ್ಟಕವೂ ಇಲ್ಲ. 2002ರ ಮೋಟಾರ್ ಟ್ಯಾರಿಫ್, ಅಂದರೆ ನಮ್ಮ ವಾಹನ ವಿಮೆಗೆ ಬುನಾದಿಯಾದ ನಿಯಮಾವಳಿ, ಇಲ್ಲಿ ಒಂದೇ ಮಾತು ಹೇಳುತ್ತದೆ: ವಿಮಾ ಕಂಪನಿ ಮತ್ತು ಮಾಲೀಕ ಇಬ್ಬರೂ ಮಾತಾಡಿಕೊಂಡು ಬೆಲೆ ಗೊತ್ತು ಮಾಡಬೇಕು.

ಈ ಸಾಲು ಹೆಚ್ಚಿನ ಮಾಲೀಕರಿಗೆ ಗೊತ್ತಿಲ್ಲ. ಅವರು ಆನ್‌ಲೈನಿನಲ್ಲಿ ಪಾಲಿಸಿ ನವೀಕರಿಸುತ್ತಾರೆ. ಅಲ್ಲಿ ಕಂಪ್ಯೂಟರ್ ಒಂದು ಸಂಖ್ಯೆ ತೋರಿಸುತ್ತದೆ. ಹಳೇ ವರ್ಷದ ಸಂಖ್ಯೆಯಿಂದ ಒಂದಿಷ್ಟು ಕಳೆದು ಬಂದದ್ದು ಅದು. ಮಾಲೀಕರು ಒಪ್ಪಿಕೊಂಡು ಹಣ ಕಟ್ಟುತ್ತಾರೆ. ಪ್ರೀಮಿಯಂ ಕಡಿಮೆ ಬಂತಲ್ಲ ಅಂತ ಸಮಾಧಾನವೂ ಆಗುತ್ತದೆ. ಕಾನೂನಿನ ಕಣ್ಣಲ್ಲಿ ಅಲ್ಲಿಗೆ ಇಬ್ಬರೂ ಮಾತಾಡಿಕೊಂಡು ಬೆಲೆ ಗೊತ್ತು ಮಾಡಿದ ಹಾಗಾಯಿತು. ನಲವತ್ತು ಸಾವಿರಕ್ಕೆ ನೀವೂ ಒಪ್ಪಿದ್ದೀರಿ.

## ಒಪ್ಪಂದದ ಬೆಲೆ ಅಂದರೆ

ಹಳೇ ವಾಹನಗಳ ವಿಷಯ ಬಂದಾಗೆಲ್ಲ ಅಗ್ರೀಡ್ ವ್ಯಾಲ್ಯೂ ಅನ್ನುವ ಮಾತು ಕೇಳಿಬರುತ್ತದೆ. ಕನ್ನಡದಲ್ಲಿ ಒಪ್ಪಂದದ ಬೆಲೆ ಅನ್ನೋಣ. ವರ್ಷದ ಶುರುವಿನಲ್ಲೇ ಕಂಪನಿಯೂ ನೀವೂ ಕಾರಿಗೆ ಒಂದು ಬೆಲೆ ಕಟ್ಟುತ್ತೀರಿ. ಕಾರು ಪೂರ್ತಿ ನಷ್ಟವಾದರೆ ಸವಕಳಿ ಕಳೆಯದೆ ಅಷ್ಟೂ ಮೊತ್ತ ಕೊಡುತ್ತಾರೆ. ನಷ್ಟವಾದ ಮೇಲೆ, ಆ ದಿನ ಮಾರುಕಟ್ಟೆಯಲ್ಲಿ ಇದಕ್ಕೆ ಎಷ್ಟು ಬೆಲೆ ಇತ್ತು ಅಂತ ಚೌಕಾಸಿ ಶುರುವಾಗುವುದಿಲ್ಲ.

ಭಾರತದಲ್ಲಿ ಇದಕ್ಕೊಂದು ಮಿತಿ ಇದೆ. 2002ರ ಟ್ಯಾರಿಫ್ ಮಾಮೂಲಿ ವಾಹನಗಳಿಗೆ ಇಂಥ ಪಾಲಿಸಿ ಕೊಡಬಾರದು ಎಂದಿತು. ವಿಂಟೇಜ್ ಕಾರುಗಳಿಗೆ ಮಾತ್ರ ಬಿಟ್ಟುಕೊಟ್ಟಿತು. ಅದರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ ಕಾರು. ಜೊತೆಗೆ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇರಬೇಕು. ಆ ಸರ್ಟಿಫಿಕೇಟ್ ಇದ್ದ ಕಾರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇಕಡಾ 25 ರಿಯಾಯಿತಿಯನ್ನೂ ಅದು ಕೊಟ್ಟಿತ್ತು.

2021ರ ನೋಂದಣಿ ನಿಯಮದಲ್ಲಿ ವಿಂಟೇಜ್ ಅನ್ನುವುದರ ಅರ್ಥ ಬೇರೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ ಮತ್ತು ಎಂಜಿನ್ ಮೂಲ ರೂಪದಲ್ಲೇ ಇರಬೇಕು. ದ್ವಿಚಕ್ರ ವಾಹನಗಳಿಗೂ ಇದು ಅನ್ವಯಿಸುತ್ತದೆ. ಮೈಸೂರಿನಲ್ಲೇ ತಯಾರಾದ ಹಳೇ ಜಾವಾ ಬೈಕುಗಳಿಗೂ ದಾರಿ ಇದೆ. ಹಾಗಾಗಿ ನಮ್ಮ 1966ರ ಫಿಯೆಟ್ ಆರ್‌ಟಿಒ ಲೆಕ್ಕದಲ್ಲಿ ವಿಂಟೇಜ್, ಹಳೇ ಟ್ಯಾರಿಫ್ ಲೆಕ್ಕದಲ್ಲಿ ಅಲ್ಲ. ವಿಂಟೇಜ್ ನಂಬರ್ ಪ್ಲೇಟ್ ಸಿಕ್ಕಿದ ಮಾತ್ರಕ್ಕೆ ಒಪ್ಪಂದದ ಬೆಲೆಯ ಪಾಲಿಸಿ ಸಿಕ್ಕಿತು ಅಂತ ತಿಳಿಯಬಾರದು. ಟ್ಯಾರಿಫ್ ಬಿಗಿ ಸಡಿಲವಾದ ಮೇಲೆ ಕಂಪನಿಗಳು ತಮ್ಮದೇ ಷರತ್ತು ಬರೆಯಬಹುದು. ಆದ್ದರಿಂದ ಕೇಳಿ ನೋಡಬೇಕು.

ಸಿಗದಿದ್ದರೂ ನಿರಾಶೆ ಬೇಡ. ಮಾಮೂಲಿ ಪಾಲಿಸಿಯಲ್ಲೇ ಒಂದು ಷರತ್ತು ಇದೆ. ಪೂರ್ತಿ ನಷ್ಟದ ಕ್ಲೇಮಿಗೆ, ಪಾಲಿಸಿಯಲ್ಲಿ ಬರೆದ ಐಡಿವಿಯನ್ನೇ ಆ ವರ್ಷವಿಡೀ ಮಾರುಕಟ್ಟೆ ಬೆಲೆ ಎಂದು ತೆಗೆದುಕೊಳ್ಳಬೇಕು, ಮತ್ತೆ ಸವಕಳಿ ಕಳೆಯಬಾರದು ಎಂದು ಅದು ಹೇಳುತ್ತದೆ. ಹಳೇ ಕಾರಿನ ಐಡಿವಿ ಇಬ್ಬರ ಮಾತುಕತೆಯಿಂದ ಬರುವಂಥದ್ದು ಅಂತ ಆಗಲೇ ನೋಡಿದೆವು. ಈ ಎರಡನ್ನೂ ಸೇರಿಸಿ ಓದಿ. ನವೀಕರಣಕ್ಕೆ ಮುಂಚೆ ಸರಿಯಾಗಿ ಮಾತಾಡಿ ಐಡಿವಿಯನ್ನು ಐದು ಲಕ್ಷ ಅಂತ ಬರೆಸಿಕೊಂಡರೆ, ಒಪ್ಪಂದದ ಬೆಲೆಯ ಪಾಲಿಸಿಯಿಂದ ಸಿಗುವ ರಕ್ಷಣೆಯ ಹತ್ತಿರಕ್ಕೇ ಬಂದ ಹಾಗೆ.

## ಒಂದೇ ಡಿಕ್ಕಿ, ಎರಡು ಫಲಿತಾಂಶ

ಕಡಿಮೆ ಐಡಿವಿಯ ಅಪಾಯ ಕಾರು ಕಳುವಾದಾಗ ಮಾತ್ರ ಅಂತ ಅನೇಕರು ಅಂದುಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ಅಪಾಯ ಸಣ್ಣ ಅಪಘಾತದಲ್ಲಿದೆ.

ಪಾಲಿಸಿಯ ನಿಯಮ ಹೀಗಿದೆ: ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದರೆ ಆ ಕಾರನ್ನು ಪೂರ್ತಿ ನಷ್ಟ ಎಂದೇ ಎಣಿಸುತ್ತಾರೆ. ಈಗ ನಮ್ಮ ಫಿಯೆಟ್ಟಿಗೆ ಎದುರಿನಿಂದ ಒಂದು ವಾಹನ ಗುದ್ದಿತು ಅಂದುಕೊಳ್ಳಿ. ಮುಂದಿನ ಮಡ್‌ಗಾರ್ಡ್, ಬಾನೆಟ್, ಗ್ರಿಲ್, ಗಾಜು ಹೋಗಿವೆ. ರಿಪೇರಿಯ ಅಂದಾಜು 1,10,000 ರೂಪಾಯಿ.

ಐಡಿವಿ 40,000 ಇದ್ದರೆ ಅದರ ಮುಕ್ಕಾಲು ಭಾಗ 30,000. ಅಂದಾಜು ಖರ್ಚು ಅದನ್ನು ಎಷ್ಟೋ ದಾಟಿದೆ. ಒಳ್ಳೇ ಟಿಂಕರ್ ಕೈಗೆ ಕೊಟ್ಟರೆ ಸರಿಹೋಗುವ ಕಾರು ಕಾಗದದ ಮೇಲೆ ಪೂರ್ತಿ ನಷ್ಟ. ಕಂಪನಿ ಕೊಡುವುದು 40,000ದಲ್ಲಿ ಕಡ್ಡಾಯ ಕಡಿತ 1,000 ಕಳೆದು 39,000. ಅಷ್ಟು ಪಡೆದರೆ ಜಖಂ ಆದ ಕಾರು ಕಂಪನಿಯದ್ದು. ಕಾರು ನಿಮಗೇ ಬೇಕು ಅಂದರೆ ಗುಜರಿ ಬೆಲೆಯನ್ನು ಅದರಲ್ಲಿ ಮುರಿದುಕೊಳ್ಳುತ್ತಾರೆ. ಮನೆಯವರ ಹಾಗೆ ಸಾಕಿದ ಕಾರನ್ನು ಈ ಲೆಕ್ಕಕ್ಕೆ ಸಿಕ್ಕಿಸುವುದು ನನ್ನ ಮಟ್ಟಿಗೆ ತುಂಬಾ ನೋವಿನ ವಿಷಯ.

ಅದೇ ಐಡಿವಿ 5,00,000 ಇದ್ದರೆ ಮುಕ್ಕಾಲು ಭಾಗ ಅಂದರೆ 3,75,000. ಖರ್ಚು ಅದರೊಳಗಿದೆ. ಕಾರು ರಿಪೇರಿಗೆ ಹೋಗುತ್ತದೆ. ಆದರೆ ರಿಪೇರಿ ಕ್ಲೇಮಿನಲ್ಲಿ ಬದಲಿಸಿದ ಭಾಗಗಳಿಗೆ ಸವಕಳಿ ಕಳೆಯುತ್ತಾರೆ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಅರ್ಧ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಅರ್ಧ. ಗಾಜಿಗೆ ಏನೂ ಕಳೆಯುವುದಿಲ್ಲ. ಕೂಲಿಗೂ ಕಳೆಯುವುದಿಲ್ಲ. ಪೇಂಟಿನ ಒಟ್ಟು ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನಿನ ಬೆಲೆ ಅಂತ ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ.

ಲೆಕ್ಕ ಹಾಕೋಣ. ಲೋಹದ ಭಾಗ 40,000 ಇದ್ದರೆ 20,000 ಸಿಗುತ್ತದೆ. ರಬ್ಬರ್ ಬೀಡಿಂಗ್ ಇತ್ಯಾದಿ 10,000ಕ್ಕೆ 5,000. ಗಾಜು 15,000 ಪೂರ್ತಿ. ಟಿಂಕರಿಂಗ್ ಮತ್ತು ಜೋಡಣೆ ಕೂಲಿ 25,000 ಪೂರ್ತಿ. ಪೇಂಟ್ ಬಿಲ್ 20,000ದಲ್ಲಿ 2,500 ಹೋಗಿ 17,500. ಒಟ್ಟು 82,500, ಕಡ್ಡಾಯ ಕಡಿತ ಕಳೆದರೆ 81,500. ಮಿಕ್ಕ 28,500 ಮಾಲೀಕರ ಜೇಬಿನಿಂದ. ಕಾರು ಮಾತ್ರ ಅವರದ್ದಾಗಿಯೇ ಉಳಿಯಿತು.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಹಳೇ ಕಾರಿನಲ್ಲಿ ಹೊಸ ಭಾಗ ತಂದು ಹಾಕುವುದಕ್ಕಿಂತ ಇರುವ ತಗಡನ್ನೇ ತಟ್ಟಿ ಸರಿಮಾಡುವ ಕೆಲಸ ಜಾಸ್ತಿ. ಕೂಲಿಗೆ ಸವಕಳಿ ಇಲ್ಲದ ಕಾರಣ ಅದು ಮಾಲೀಕರಿಗೆ ಅನುಕೂಲ. ಆದರೆ ಗ್ಯಾರೇಜಿನವರು ಸಾಮಾನು, ಕೂಲಿ, ಪೇಂಟ್ ಮೂರನ್ನೂ ಬಿಡಿಬಿಡಿಯಾಗಿ ಬರೆದು ಬಿಲ್ ಕೊಡಬೇಕು. ಎಲ್ಲ ಸೇರಿಸಿ ಒಂದೇ ಸಾಲಿನಲ್ಲಿ ಬರೆದರೆ ಕೂಲಿ ಎಷ್ಟು ಅಂತ ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್‌ಗೆ ತೋರಿಸಲು ದಾರಿ ಇರುವುದಿಲ್ಲ.

ಒಪ್ಪಂದದ ಬೆಲೆ ಬರೆದ ಪಾಲಿಸಿಯಲ್ಲೂ ಸವಕಳಿ ಇಲ್ಲ ಅನ್ನುವ ಮಾತು ಪೂರ್ತಿ ನಷ್ಟಕ್ಕೆ ಸಂಬಂಧಿಸಿದ್ದು. ಸಣ್ಣ ರಿಪೇರಿಗೆ ಯಾವ ಲೆಕ್ಕ ಅನ್ನುವುದನ್ನು ಬೇರೆಯಾಗಿ ಓದಿಕೊಳ್ಳಬೇಕು.

## ಖರ್ಚು ಬೇರೆ, ಬೆಲೆ ಬೇರೆ

ನಮ್ಮ ಫಿಯೆಟ್ಟಿಗೆ ಖರ್ಚಾದದ್ದು 7,20,000. ಹಾಗಾದರೆ ಐಡಿವಿ 5,00,000 ಯಾಕೆ, ಏಳು ಲಕ್ಷ ಯಾಕಲ್ಲ?

ಚಿನ್ನದ ಅಂಗಡಿಯಲ್ಲಿ ಸರ ಕೊಳ್ಳುವಾಗ ಮಜೂರಿ, ವೇಸ್ಟೇಜ್, ತೆರಿಗೆ ಎಲ್ಲ ಸೇರಿಸಿ ಬಿಲ್ ಮಾಡುತ್ತಾರೆ. ಅದೇ ಸರ ಮಾರಲು ಹೋದರೆ ಚಿನ್ನದ ತೂಕಕ್ಕಷ್ಟೇ ದುಡ್ಡು. ಕಾರಿನ ಕೆಲಸವೂ ಹೀಗೆಯೇ. ಒಂದು ಸಲ ಪೇಂಟ್ ಮಾಡಿಸಿ, ಸರಿಬರಲಿಲ್ಲ ಅಂತ ಕೆರೆಸಿ ಮತ್ತೆ ಮಾಡಿಸಿದರೆ ಖರ್ಚು ಎರಡು ಪಟ್ಟು. ಕಾರಿನ ಬೆಲೆ ಎರಡು ಪಟ್ಟಾಗುವುದಿಲ್ಲ. ಗ್ಯಾರೇಜಿಂದ ಗ್ಯಾರೇಜಿಗೆ ಸಾಗಿಸಿದ ಲಾರಿ ಬಾಡಿಗೆಯೂ ಬೆಲೆಗೆ ಸೇರುವುದಿಲ್ಲ. ಇದಕ್ಕೆ ತಿರುಗಾಮುರುಗಾ ಕೂಡ ಆಗುತ್ತದೆ. ಅಪರೂಪದ ಮಾಡೆಲ್ ಒಂದನ್ನು ಹಿಂದೆ ಕಡಿಮೆ ಬೆಲೆಗೆ ಕೊಂಡು, ಮಾಲೀಕರೇ ಕೂತು ಕೆಲಸ ಮಾಡಿದ್ದರೆ ಬಿಲ್ ಎರಡು ಲಕ್ಷ ಇದ್ದರೂ ಕಾರು ಎಂಟು ಲಕ್ಷ ಬಾಳಬಹುದು.

ವಿಮೆಯ ಮೂಲ ತತ್ವ ಇಷ್ಟೇ: ನಷ್ಟಕ್ಕೆ ಮೊದಲು ಎಲ್ಲಿದ್ದಿರೋ ಅಲ್ಲಿಗೆ ತಂದು ನಿಲ್ಲಿಸುವುದು, ಅದಕ್ಕಿಂತ ಮೇಲೆ ಅಲ್ಲ. ಆದ್ದರಿಂದ ಕಂಪನಿಯ ಮುಂದೆ ಎರಡು ಸಂಗತಿಗಳನ್ನು ತೋರಿಸಬೇಕು. ಒಂದು, ಇಂಥ ಸ್ಥಿತಿಯಲ್ಲಿರುವ ಇಂಥ ಕಾರು ಇವತ್ತು ಎಷ್ಟಕ್ಕೆ ಕೈ ಬದಲಾಯಿಸುತ್ತಿದೆ. ಎರಡು, ನಿಮ್ಮ ಕಾರು ನಿಜವಾಗಿಯೂ ಅಂಥ ಸ್ಥಿತಿಯಲ್ಲಿದೆ. ಬಿಲ್ಲುಗಳು ಬೇಕಾಗುವುದು ಎರಡನೆಯದಕ್ಕೆ.

ಮೊದಲನೆಯದಕ್ಕೆ ವ್ಯಾಲ್ಯುಯೇಷನ್ ರಿಪೋರ್ಟ್ ಬೇಕು. ವಾಹನಗಳ ಬೆಲೆ ಕಟ್ಟುವ ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರಿಂದ ಮಾಡಿಸಬೇಕು. ಹಳೇ ಕಾರುಗಳನ್ನು ನೋಡಿ ಅಭ್ಯಾಸ ಇರುವವರಾದರೆ ಉತ್ತಮ. ಹೆಸರು ಗೊತ್ತಿಲ್ಲದಿದ್ದರೆ ಬೆಂಗಳೂರಿನ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್‌ನಂಥ ಸಂಘದ ಸದಸ್ಯರನ್ನು ಕೇಳುವುದು ಸುಲಭದ ದಾರಿ. ರಿಪೋರ್ಟಿನಲ್ಲಿ ಬರೀ ಮೊತ್ತ ಇದ್ದರೆ ಸಾಲದು. ಆ ಮೊತ್ತಕ್ಕೆ ಹೇಗೆ ಬಂದರು, ಯಾವ ಕಾರುಗಳ ಮಾರಾಟದ ಜೊತೆ ಹೋಲಿಸಿದರು, ಬಾಡಿ, ಎಂಜಿನ್, ಒಳಾಂಗಣ ಹೇಗಿದೆ, ಎಷ್ಟು ಭಾಗ ಮೂಲದ್ದು ಅನ್ನುವುದು ಇರಬೇಕು. ಮಾಲೀಕರು ಹೇಳಿದ ಅಂಕಿಯನ್ನೇ ಬರೆದುಕೊಟ್ಟ ರಿಪೋರ್ಟ್ ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ. ಮಾರುಕಟ್ಟೆ ಬದಲಾಗುತ್ತಿರುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸುವುದು ಒಳ್ಳೆಯದು.

## ಪೇಂಟಿನ ಕೆಳಗಿರುವುದನ್ನು ತೋರಿಸುವುದು ಹೇಗೆ

ಎರಡನೆಯ ಸಂಗತಿ ಕಷ್ಟದ್ದು. ಪುನಶ್ಚೇತನದ ಒಳ್ಳೇ ಕೆಲಸವೆಲ್ಲ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ತುಕ್ಕು ಹಿಡಿದ ಫ್ಲೋರ್ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿದ ಕಾರು, ತೂತುಗಳಿಗೆ ಪಟ್ಟಿ ಮೆತ್ತಿ ಬಣ್ಣ ಹೊಡೆದ ಕಾರು, ಎರಡೂ ಮೊದಲ ವರ್ಷ ಒಂದೇ ಥರ ಹೊಳೆಯುತ್ತವೆ. ಪಟ್ಟಿ ಅಂದರೆ ಗೊತ್ತಲ್ಲ, ತಗಡಿನ ಏರುಪೇರು ಮುಚ್ಚಲು ಬಳಿಯುವ ಪುಟ್ಟಿ. ನುರಿತ ಸರ್ವೇಯರ್ ಬಾಗಿಲ ಕೆಳ ಅಂಚಿಗೆ ಅಯಸ್ಕಾಂತ ಹಿಡಿದು ನೋಡುತ್ತಾರೆ. ಪುಟ್ಟಿ ದಪ್ಪಗಿದ್ದರೆ ಅದು ಅಂಟುವುದಿಲ್ಲ. ಅಲ್ಲಿಗೆ ಬೆಲೆ ಕುಸಿಯುತ್ತದೆ.

ಆದ್ದರಿಂದ ಫೋಟೋಗಳೇ ಮುಖ್ಯ ಸಾಕ್ಷಿ. ಕಾರು ಸಿಕ್ಕಿದ ಸ್ಥಿತಿಯಲ್ಲಿ ಮೊದಲ ಫೋಟೋ. ಹಳೇ ಬಣ್ಣ ಕೆರೆದು ಬರೀ ತಗಡು ಕಾಣುವಾಗ ಇನ್ನೊಂದಷ್ಟು. ಕತ್ತರಿಸಿದ ಜಾಗ, ಹೊಸ ತಗಡು, ಬೆಸುಗೆ, ಪ್ರೈಮರ್ ಹೊಡೆದದ್ದು ಹೀಗೆ ಒಂದೊಂದು ಹಂತಕ್ಕೂ. ಪ್ರತಿ ಹಂತದ ಒಂದು ಫೋಟೋದಲ್ಲಾದರೂ ನಂಬರ್ ಪ್ಲೇಟ್ ಅಥವಾ ಚಾಸಿ ನಂಬರ್ ಕಾಣಬೇಕು. ಇಲ್ಲದಿದ್ದರೆ ಅದು ಯಾವ ಫಿಯೆಟ್ಟಿನ ಫ್ಲೋರ್ ಅಂತ ಹೇಳುವುದು ಹೇಗೆ? ಮೊಬೈಲಿನಲ್ಲಿ ತೆಗೆದ ಮೂಲ ಫೈಲುಗಳನ್ನೇ ಇಟ್ಟುಕೊಳ್ಳಿ, ಅವುಗಳಲ್ಲಿ ತಾರೀಖು ದಾಖಲಾಗಿರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಆ ವಿವರ ಉಳಿಯುವುದಿಲ್ಲ.

ಇನ್ನು ಬಿಲ್ಲು. ಎಂಜಿನ್ ಬೋರಿಂಗ್ ಮಾಡಿದವರು, ಪೇಂಟ್ ಅಂಗಡಿಯವರು ಬಿಲ್ ಕೊಡುತ್ತಾರೆ. ಗುಜರಿಯಲ್ಲಿ ಸಿಕ್ಕ ಹಾರ್ನಿಗೆ, ಮನೆಯ ಹತ್ತಿರದ ಟಿಂಕರ್ ಕೆಲಸಕ್ಕೆ ಬಿಲ್ ಎಲ್ಲಿಂದ ಬರಬೇಕು? ಅಂಥ ಕಡೆ ಕೈಯಲ್ಲಿ ಬರೆದ ಒಂದು ವೋಚರ್ ಮಾಡಿ. ತಾರೀಖು, ಕಾರಿನ ನಂಬರ್, ಮಾಡಿದ ಕೆಲಸ, ಮೊತ್ತ, ಅವರ ಸಹಿ ಮತ್ತು ಫೋನ್ ನಂಬರ್ ಇರಲಿ. ಹಣವನ್ನು ಯುಪಿಐ ಮೂಲಕ ಕೊಟ್ಟರೆ ಬ್ಯಾಂಕಿನ ದಾಖಲೆಯೂ ಜೊತೆಗಿರುತ್ತದೆ. ಕೆಲಸ ಮುಗಿದು ಎರಡು ವರ್ಷದ ಮೇಲೆ ಒಟ್ಟಿಗೆ ಬರೆಸಿಕೊಂಡ ಬಿಲ್ಲುಗಳಿಗೆ ಬೆಲೆ ಕಡಿಮೆ. ಒಂದೇ ಪೆನ್ನು, ಒಂದೇ ಕೈಬರಹ ನೋಡಿದವರಿಗೆ ಅನುಮಾನ ಬಂದೇ ಬರುತ್ತದೆ.

ನೀವೇ ಮಾಡಿದ ಕೆಲಸಕ್ಕೆ ಬಿಲ್ ಇರುವುದಿಲ್ಲ, ಸರಿ. ಆದರೆ ಅದರ ಫಲ ವ್ಯಾಲ್ಯುಯೇಷನ್ ರಿಪೋರ್ಟಿನಲ್ಲಿ ಕಾರಿನ ಸ್ಥಿತಿಯಾಗಿ ಕಾಣಿಸುತ್ತದೆ.

## ನಂಬರ್ ತಾಳೆಯಾಗದಿದ್ದರೆ ಎಲ್ಲವೂ ನೀರುಪಾಲು

ಎಷ್ಟು ಚೆನ್ನಾಗಿ ಫೈಲ್ ಮಾಡಿದರೂ ಒಂದು ತಪ್ಪಿನಿಂದ ಕ್ಲೇಮ್ ನಿಂತುಹೋಗಬಹುದು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೆ ಹೊಂದಬೇಕು. ಹಳೇ ಕಾರುಗಳಲ್ಲಿ ಇದು ತಪ್ಪುವುದು ಸಹಜ. ಎಂದೋ ಒಮ್ಮೆ ಎಂಜಿನ್ ಹೋಗಿ, ಬೇರೆ ಕಾರಿನ ಎಂಜಿನ್ ತಂದು ಕೂರಿಸಿರುತ್ತಾರೆ. ಪೆಟ್ರೋಲ್ ದುಬಾರಿ ಅಂತ ಡೀಸೆಲ್ ಎಂಜಿನ್ ಹಾಕಿಸಿದ ಅಂಬಾಸಿಡರ್, ಫಿಯೆಟ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅದನ್ನು ಆರ್‌ಸಿಯಲ್ಲಿ ಬರೆಸಿರುವುದಿಲ್ಲ. ಬಣ್ಣ ಬದಲಿಸಿದ್ದರೂ ಆರ್‌ಸಿಯಲ್ಲಿ ನಮೂದಾಗಬೇಕು.

ಬೆಲೆಗೆ ಸಂಬಂಧಿಸಿ ಕೂಡ ಇದು ದೊಡ್ಡ ವಿಷಯ. ಮೂಲ ಎಂಜಿನ್ ಉಳಿದಿರುವ ಕಾರಿಗೂ ಬದಲಾದ ಕಾರಿಗೂ ಮಾರುಕಟ್ಟೆಯಲ್ಲಿ ತುಂಬಾ ಅಂತರ ಇದೆ. ಎಂಜಿನ್ ಬದಲಾಗಿದ್ದರೆ ವಿಂಟೇಜ್ ನೋಂದಣಿಗೂ ತೊಡಕು. ಪುನಶ್ಚೇತನ ಶುರು ಮಾಡುವ ಮೊದಲೇ ಎರಡೂ ನಂಬರುಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಪೇಂಟ್ ಮಾಡುವ ಹುಡುಗರು ಸ್ಯಾಂಡಿಂಗ್ ಮಾಡುವಾಗ ಚಾಸಿ ನಂಬರೇ ಸವೆದುಹೋಗುವುದುಂಟು. ಆ ಜಾಗಕ್ಕೆ ಟೇಪ್ ಅಂಟಿಸಿ ಕೊಡುವುದು ಕ್ಷೇಮ.

ಆರ್‌ಸಿ ಅವಧಿ ಮುಗಿದಿದ್ದರೂ ಇದೇ ಕಥೆ. 2014ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂದಿತ್ತು. ತಾತ್ಕಾಲಿಕ ನೋಂದಣಿ ಮುಗಿದ ಮೇಲೆ ರಸ್ತೆಯಲ್ಲಿ ಓಡಿಸಿದ ವಾಹನ ಅಪಘಾತಕ್ಕೀಡಾಗಿತ್ತು. ನೋಂದಣಿ ಇಲ್ಲದೆ ಓಡಿಸುವುದು ವಿಮೆಯ ಷರತ್ತಿನ ಮೂಲಭೂತ ಉಲ್ಲಂಘನೆ ಎಂದು ಕೋರ್ಟ್ ಹೇಳಿತು. ಕ್ಲೇಮ್ ಸಿಗಲಿಲ್ಲ. ಶೆಡ್ಡಿನಲ್ಲಿ ಹತ್ತಾರು ವರ್ಷ ನಿಂತ ಕಾರನ್ನು ಹೊರಗೆ ತೆಗೆಯುವವರು ಮೊದಲು ಆರ್‌ಸಿ ತಾರೀಖು ನೋಡಬೇಕು.

## ಎಲ್ಲಿಗೆ, ಯಾವುದಕ್ಕೆ ಓಡಿಸಬಹುದು

ವಿಂಟೇಜ್ ಕಾರಿಗೆ ಬಳಕೆಯ ಮಿತಿ ಎರಡು ಕಡೆಯಿಂದ ಬರುತ್ತದೆ. ಒಂದು ಆರ್‌ಟಿಒ ಕಡೆಯಿಂದ. ಹೊಸ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸಿದರೆ ಆ ಕಾರನ್ನು ದಿನನಿತ್ಯದ ಓಡಾಟಕ್ಕೆ ಅಥವಾ ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಹೋಗಿಬರಬಹುದು. ನೋಂದಣಿ ಹತ್ತು ವರ್ಷಕ್ಕೆ, ಶುಲ್ಕ 20,000 ರೂಪಾಯಿ. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿಬರಬೇಕು ಅನ್ನುವವರು ಈ ನೋಂದಣಿಗೆ ಮುಂಚೆ ಯೋಚಿಸಬೇಕು. ಮಾಮೂಲಿ ನೋಂದಣಿಯನ್ನೇ ನವೀಕರಿಸುತ್ತಾ ಹೋದರೆ ಈ ಮಿತಿ ಇರುವುದಿಲ್ಲ. ಥರ್ಡ್ ಪಾರ್ಟಿಯ ಅರ್ಧ ರಿಯಾಯಿತಿ ಮಾತ್ರ ಸಿಗುವುದಿಲ್ಲ.

ಇನ್ನೊಂದು ಮಿತಿ ಪಾಲಿಸಿಯದ್ದು. ಖಾಸಗಿ ಕಾರಿನ ಪಾಲಿಸಿ ಬಾಡಿಗೆಗೆ ಓಡಿಸುವುದನ್ನು ಒಪ್ಪುವುದಿಲ್ಲ. ಹಳೇ ಕಾರಿನವರಿಗೆ ಇದು ಮದುವೆ ಮತ್ತು ಸಿನಿಮಾ ರೂಪದಲ್ಲಿ ಎದುರಾಗುತ್ತದೆ. ಗೆಳೆಯರ ಮಗಳ ಮದುವೆಗೆ ಪ್ರೀತಿಯಿಂದ ಕಾರು ಕಳಿಸಿದರೆ ಬಾಡಿಗೆ ಅಲ್ಲ. ದಿನಕ್ಕೆ ಇಷ್ಟು ಅಂತ ಹಣ ಪಡೆದರೆ ಬಾಡಿಗೆ. ಆ ದಿನ ಅಪಘಾತವಾದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಸಿಕ್ಕಿತು.

ರ್‍ಯಾಲಿಯ ವಿಷಯವನ್ನು ಇನ್ನೂ ಹೆಚ್ಚು ಜನ ಮರೆಯುತ್ತಾರೆ. ಮಾಮೂಲಿ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ. ರಿಲಯಬಿಲಿಟಿ ಟ್ರಯಲ್ ಅಂದರೆ ಗೊತ್ತು ಮಾಡಿದ ಹಾದಿಯನ್ನು ಗೊತ್ತು ಮಾಡಿದ ಸಮಯದಲ್ಲಿ ಮುಗಿಸುವಂಥ ಸ್ಪರ್ಧೆ. ಮೆರವಣಿಗೆಯ ಹಾಗೆ ಊರೊಳಗೆ ಸಾಲಾಗಿ ಹೋಗುವುದು ಬೇರೆ, ಅಂಕ ಕೊಟ್ಟು ಸಮಯ ಅಳೆಯುವುದು ಬೇರೆ. ಎರಡನೆಯದಕ್ಕೆ ಐಎಂಟಿ 31 ಅನ್ನುವ ಸೇರ್ಪಡೆ ಇದೆ. ಮೊದಲೇ ಕೇಳಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಬರೆಸಿಕೊಳ್ಳಬೇಕು. ಆಯೋಜಕರ ಕರಪತ್ರ ಮತ್ತು ನಿಯಮಗಳ ಪ್ರತಿಯನ್ನು ಕಂಪನಿಗೆ ಕಳಿಸಿ, ಇದಕ್ಕೆ ಸೇರ್ಪಡೆ ಬೇಕಾ ಅಂತ ಬರವಣಿಗೆಯಲ್ಲಿ ಕೇಳಿದರೆ ಆಮೇಲೆ ಗೊಂದಲ ಇರುವುದಿಲ್ಲ.

## ಬೆಲೆ ಬರೆಸಿಕೊಳ್ಳುವ ಕೆಲಸ

ಇದೆಲ್ಲ ವೆಬ್‌ಸೈಟಿನಲ್ಲಿ ಆಗುವ ಕೆಲಸ ಅಲ್ಲ. ಅಲ್ಲಿನ ಪಟ್ಟಿಯಲ್ಲಿ ಎಷ್ಟೋ ಹಳೇ ಮಾಡೆಲ್‌ಗಳ ಹೆಸರೇ ಇರುವುದಿಲ್ಲ. ವಿಮಾ ಕಂಪನಿಯ ಬ್ರಾಂಚಿಗೆ ಹೋಗಿ, ಪಾಲಿಸಿ ಮುಗಿಯಲು ಒಂದು ತಿಂಗಳಿರುವಾಗಲೇ ಮಾತು ಶುರು ಮಾಡಿ. ಬ್ರಾಂಚಿನವರು ಮೇಲಿನ ಕಚೇರಿಯ ಒಪ್ಪಿಗೆ ಕೇಳಬೇಕಾಗಬಹುದು, ಅದಕ್ಕೆ ಸಮಯ ಬೇಕು. ಪಾಲಿಸಿ ಮುಗಿದುಹೋಗಿದ್ದರೆ ಕಾರಿನ ತಪಾಸಣೆ ಆದ ಮೇಲೆಯೇ ಹೊಸದು ಸಿಗುತ್ತದೆ.

ಒಂದು ಪತ್ರ ಬರೆಯಿರಿ. ಮಾಡೆಲ್ ನಿಂತುಹೋಗಿದೆ, ಹಾಗಾಗಿ ಟ್ಯಾರಿಫ್ ಪ್ರಕಾರ ಐಡಿವಿಯನ್ನು ಪರಸ್ಪರ ಒಪ್ಪಿಗೆಯಿಂದ ನಿಗದಿ ಮಾಡಬೇಕು, ವ್ಯಾಲ್ಯುಯೇಷನ್ ರಿಪೋರ್ಟ್ ಪ್ರಕಾರ 5,00,000 ಎಂದು ಕೋರುತ್ತೇನೆ ಅಂತ ಅದರಲ್ಲಿರಲಿ. ರಿಪೋರ್ಟ್, ಫೋಟೋ, ಬಿಲ್, ಆರ್‌ಸಿ, ನಂಬರ್‌ಗಳ ಅಚ್ಚು ಎಲ್ಲದರ ಪ್ರತಿ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಡಿಸ್ಕ್ ಬ್ರೇಕ್, ಎಸಿ, ಎಲೆಕ್ಟ್ರಾನಿಕ್ ಇಗ್ನಿಷನ್ ಹೀಗೆ ಮೂಲದಲ್ಲಿಲ್ಲದ ಏನಾದರೂ ಹಾಕಿಸಿದ್ದರೆ ಅದನ್ನೂ ಅದೇ ಪತ್ರದಲ್ಲಿ ಹೇಳಿಬಿಡಿ. ಮುಚ್ಚಿಟ್ಟ ಬದಲಾವಣೆ ಕ್ಲೇಮಿನ ಹೊತ್ತಿಗೆ ಬೆಳಕಿಗೆ ಬಂದರೆ, ಒಪ್ಪಿಕೊಂಡ ಬೆಲೆಯನ್ನೇ ಕಂಪನಿ ಪ್ರಶ್ನಿಸಬಹುದು.

ಪಾಲಿಸಿ ಕೈಗೆ ಬಂದ ದಿನವೇ ಮೊದಲ ಪುಟ ಓದಿ. ಐಡಿವಿ ನೀವು ಮಾತಾಡಿದ ಮೊತ್ತವೇ, ಎಂಜಿನ್ ಮತ್ತು ಚಾಸಿ ನಂಬರ್ ಒಂದಕ್ಷರವೂ ತಪ್ಪಿಲ್ಲವೇ, ತಯಾರಾದ ವರ್ಷ ಸರಿಯೇ ನೋಡಿ. ಒಪ್ಪಂದದ ಬೆಲೆ ಅಂತ ಕೊಟ್ಟಿದ್ದರೆ ಆ ಮಾತು ಷೆಡ್ಯೂಲಿನಲ್ಲೇ ಅಚ್ಚಾಗಿರಬೇಕು. ಏಜೆಂಟರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಪ್ಪಿದ್ದರೆ ತಿದ್ದುಪಡಿಗೆ ಎಂಡಾರ್ಸ್‌ಮೆಂಟ್ ಕೇಳಿ, ಅದು ಕೈಗೆ ಬರುವವರೆಗೆ ಕಾರನ್ನು ಮನೆಯಲ್ಲೇ ನಿಲ್ಲಿಸಿಕೊಳ್ಳಿ.